ಐದು ವರ್ಷದ ಲೆಕ್ಕ ಇಟ್ಟುಕೊಂಡು ಫಂಡ್ ಸೂಚ್ಯಂಕವನ್ನು ನಿಜಕ್ಕೂ ಮೀರಿಸಿದೆಯೇ ಎಂದು ಟಿ ಪರೀಕ್ಷೆಯಿಂದ ನೋಡುವುದು

"ಮಾಷ್ಟ್ರೇ, ಈ ಮ್ಯೂಚುವಲ್ ಫಂಡ್ ಐದು ವರ್ಷದಲ್ಲಿ ಷೇರು ಸೂಚ್ಯಂಕಕ್ಕಿಂತ ವರ್ಷಕ್ಕೆ ಸರಾಸರಿ 2.4 ಪರ್ಸೆಂಟ್ ಜಾಸ್ತಿ ಕೊಟ್ಟಿದೆ. ಇನ್ನೇನು ಬೇಕು?"

ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ನಿವೃತ್ತಿ ಹಣವನ್ನೋ ಗಲ್ಫಿನಿಂದ ಬಂದ ಉಳಿತಾಯವನ್ನೋ ಎಲ್ಲಿಡಲಿ ಎಂದು ಕೇಳಿದವರಿಗೆ ಏಜೆಂಟರಿಂದ ಸಿಗುವ ಮಾತು ಹೆಚ್ಚುಕಡಿಮೆ ಇದೇ. 2.4 ಎನ್ನುವುದು ಸುಳ್ಳಲ್ಲ. ಆದರೆ ಅದರ ಹಿಂದಿರುವುದು ಐದೇ ಐದು ಅಂಕಿ. ಫಂಡ್ ನಡೆಸುವ ನಿರ್ವಾಹಕರಿಗೆ ಯಾವ ವಿಶೇಷ ಸಾಮರ್ಥ್ಯ ಇಲ್ಲದಿದ್ದರೂ, ಬರೀ ಏರಿಳಿತದಿಂದಲೇ ಐದು ವರ್ಷದಲ್ಲಿ ಇಷ್ಟು ಸರಾಸರಿ ಬರುವ ಸಾಧ್ಯತೆ ಎಷ್ಟು? ಟಿ ಪರೀಕ್ಷೆ ಉತ್ತರಿಸುವುದು ಈ ಪ್ರಶ್ನೆಗೆ ಮಾತ್ರ. ಮುಂದಿನ ವರ್ಷ ಫಂಡ್ ಏನು ಕೊಡುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಪರೀಕ್ಷೆಯ ಹುಟ್ಟೇ ಕಡಿಮೆ ಅಂಕಿಗಳ ಕಷ್ಟದಿಂದ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಇದನ್ನು ಪ್ರಕಟಿಸಿದರು. ನಾಲ್ಕೈದು ಮಾದರಿ ಇಟ್ಟುಕೊಂಡು ಎಷ್ಟರ ಮಟ್ಟಿಗೆ ಮಾತಾಡಬಹುದು ಎಂಬುದು ಅವರ ಸಮಸ್ಯೆಯೂ ಆಗಿತ್ತು.

ಮೊದಲು ಅಂಕಿ ಸರಿಮಾಡಿಕೊಳ್ಳಿ

ಲೆಕ್ಕ ತಪ್ಪುವುದು ಹೆಚ್ಚಾಗಿ ಸೂತ್ರದಲ್ಲಲ್ಲ, ಅಂಕಿ ಎತ್ತಿಕೊಳ್ಳುವ ಹಂತದಲ್ಲಿ. ಫಂಡಿನ ಎನ್‌ಎವಿಯನ್ನು ಅಂದರೆ ಒಂದು ಯೂನಿಟ್ಟಿನ ಬೆಲೆಯನ್ನು ಗ್ರೋತ್ ಆಯ್ಕೆಯದ್ದೇ ತೆಗೆದುಕೊಳ್ಳಿ. ಲಾಭಾಂಶ ಹಂಚುವ ಆಯ್ಕೆಯಲ್ಲಿ ಹಂಚಿದಾಗಲೆಲ್ಲ ಎನ್‌ಎವಿ ಇಳಿಯುತ್ತದೆ, ಆ ಇಳಿತ ನಷ್ಟದಂತೆ ಕಾಣುತ್ತದೆ. ನಿಮ್ಮ ಕೈಯಲ್ಲಿರುವುದು ರೆಗ್ಯುಲರ್ ಪ್ಲಾನ್ ಆದರೆ ರೆಗ್ಯುಲರ್‌ನ ಎನ್‌ಎವಿ, ಡೈರೆಕ್ಟ್ ಆದರೆ ಡೈರೆಕ್ಟ್‌ನದು. ಡೈರೆಕ್ಟ್ ಪ್ಲಾನ್‌ಗಳು ಶುರುವಾದದ್ದು 2013ರ ಜನವರಿಯಲ್ಲಿ. ಏಜೆಂಟರ ಕಮಿಷನ್ ಇಲ್ಲದ ಕಾರಣ ಅದರ ಆದಾಯ ರೆಗ್ಯುಲರ್‌ಗಿಂತ ಮೇಲಿರುತ್ತದೆ. ಡೈರೆಕ್ಟ್‌ನ ಅಂಕಿ ತೋರಿಸಿ ರೆಗ್ಯುಲರ್ ಮಾರಿದರೆ ನೀವು ಪರೀಕ್ಷಿಸಿದ ಫಂಡೇ ಬೇರೆ, ಕೊಂಡದ್ದೇ ಬೇರೆ.

ಹೋಲಿಸುವ ಸೂಚ್ಯಂಕ 'ಟೋಟಲ್ ರಿಟರ್ನ್' ಆಗಿರಬೇಕು, ಅಂದರೆ ಟಿಆರ್‌ಐ. ಪತ್ರಿಕೆ ಮತ್ತು ಟಿವಿಯಲ್ಲಿ ಬರುವ ಸೂಚ್ಯಂಕ ಬರೀ ಬೆಲೆಯದ್ದು, ಕಂಪನಿಗಳು ಕೊಟ್ಟ ಡಿವಿಡೆಂಡ್ ಅದರಲ್ಲಿ ಸೇರಿಲ್ಲ. ಫಂಡಿನ ಎನ್‌ಎವಿಯಲ್ಲಿ ಆ ಡಿವಿಡೆಂಡ್ ಸೇರಿಯೇ ಇರುತ್ತದೆ. ಹೀಗಾಗಿ ಬೆಲೆ ಸೂಚ್ಯಂಕಕ್ಕೆ ಹೋಲಿಸಿದರೆ ಏನೂ ಮಾಡದ ಫಂಡಿಗೂ ವರ್ಷಕ್ಕೆ ಒಂದು ಪರ್ಸೆಂಟಿನ ಆಸುಪಾಸು ಪುಕ್ಕಟೆ ಅಂಕ ಸಿಗುತ್ತದೆ. 2018ರ ಫೆಬ್ರವರಿ 1ರಿಂದ ಸೆಬಿ ಫಂಡ್ ಕಂಪನಿಗಳಿಗೆ ಟಿಆರ್‌ಐ ಹೋಲಿಕೆಯನ್ನೇ ಕಡ್ಡಾಯ ಮಾಡಿದೆ. ಖಾಸಗಿಯಾಗಿ ತಯಾರಾಗುವ ಹಾಳೆಗಳಲ್ಲಿ ಮಾತ್ರ ಹಳೆಯ ಅಭ್ಯಾಸ ಇಣುಕಬಹುದು, ಕೇಳಿ ನೋಡಿ.

ಎರಡಕ್ಕೂ ಒಂದೇ ದಿನಾಂಕ ಇರಲಿ. ಮಾರ್ಚ್ 31 ರಜೆಯಾದರೆ ಅದರ ಹಿಂದಿನ ವಹಿವಾಟಿನ ದಿನವನ್ನು ಎರಡಕ್ಕೂ ಹಿಡಿಯಿರಿ. ಎನ್‌ಎವಿ 42.00 ಇದ್ದದ್ದು ವರ್ಷದ ಕೊನೆಗೆ 49.81 ಆದರೆ ಆದಾಯ 49.81 ÷ 42.00 − 1, ಅಂದರೆ ಶೇ. 18.6. ಸೂಚ್ಯಂಕಕ್ಕೂ ಹೀಗೆಯೇ. ಫಂಡಿನದ್ದರಿಂದ ಸೂಚ್ಯಂಕದ್ದನ್ನು ಕಳೆದರೆ ಆ ವರ್ಷದ ಹೆಚ್ಚುವರಿ ಆದಾಯ.

ಉದಾಹರಣೆಗೆ ಹೆಸರಿಲ್ಲದ ಒಂದು ಫಂಡನ್ನು ಕಲ್ಪಿಸಿಕೊಂಡಿದ್ದೇವೆ. ಎಲ್ಲವೂ ಶೇಕಡಾ ಲೆಕ್ಕದಲ್ಲಿ:

| ವರ್ಷ | ಫಂಡ್ | ಸೂಚ್ಯಂಕ (ಟಿಆರ್‌ಐ) | ಹೆಚ್ಚುವರಿ |
|---|---|---|---|
| 1 | 18.6 | 12.4 | 6.2 |
| 2 | 3.9 | 5.3 | −1.4 |
| 3 | 31.1 | 26.3 | 4.8 |
| 4 | 0.2 | −2.9 | 3.1 |
| 5 | 14.8 | 15.5 | −0.7 |

ಕೊನೆಯ ಕಾಲಂ ಮಾತ್ರ ಸಾಕು

ಫಂಡ್ ಮತ್ತು ಸೂಚ್ಯಂಕದ ಎರಡು ಕಾಲಂಗಳನ್ನು ಬೇರೆ ಬೇರೆ ಗುಂಪುಗಳಂತೆ ಹೋಲಿಸುವವರಿದ್ದಾರೆ. ಈ ಅಂಕಿಗಳಿಗೆ ಹಾಗೆ ಮಾಡಿದರೆ ಟಿ ಬರುವುದು 0.33. ಕೊನೆಯ ಕಾಲಂ ಒಂದನ್ನೇ ಸೊನ್ನೆಗೆ ಹೋಲಿಸಿದರೆ 1.60. ಒಂದೇ ಅಂಕಿಗಳಿಂದ ಇಷ್ಟು ಅಂತರ ಯಾಕೆ ಎಂಬುದು ಅಡಿಕೆ ತೋಟ ಇರುವವರಿಗೆ ಬೇಗ ಹೊಳೆಯುತ್ತದೆ. ಅಕ್ಕಪಕ್ಕದ ಎರಡು ತಟ್ಟಿನಲ್ಲಿ ಒಂದಕ್ಕೆ ಹೊಸ ಗೊಬ್ಬರ ಹಾಕಿದ್ದೀರಿ ಎಂದುಕೊಳ್ಳಿ. ಮಳೆ ಜೋರಾಗಿ ಕೊಳೆರೋಗ ಬಂದ ವರ್ಷ ಎರಡರ ಫಸಲೂ ಕುಸಿಯುತ್ತದೆ, ಒಳ್ಳೆಯ ವರ್ಷ ಎರಡೂ ಏರುತ್ತವೆ. ಈ ದೊಡ್ಡ ಏರಿಳಿತಕ್ಕೂ ಗೊಬ್ಬರಕ್ಕೂ ಸಂಬಂಧವಿಲ್ಲ. ಆಯಾ ವರ್ಷದ ವ್ಯತ್ಯಾಸವನ್ನಷ್ಟೇ ಬರೆದಿಟ್ಟರೆ ಮಳೆಯ ಪ್ರಭಾವ ತಾನಾಗಿ ಕಳೆದುಹೋಗುತ್ತದೆ. ಫಂಡಿನಲ್ಲೂ ಅಷ್ಟೇ. ಮಾರುಕಟ್ಟೆ ಏರಿದ್ದು ಇಳಿದದ್ದು ಎರಡರಲ್ಲೂ ಇರುವುದರಿಂದ ಕಳೆದಾಗ ಹೋಗುತ್ತದೆ, ಉಳಿಯುವುದು ನಿರ್ವಾಹಕರ ಆಯ್ಕೆಯಿಂದ ಬಂದ ವ್ಯತ್ಯಾಸ.

ಸೂಚ್ಯಂಕದ ಬದಲು ಸರ್ಕಾರಿ ಟ್ರೆಜರಿ ಬಿಲ್ಲಿನ ಬಡ್ಡಿಯನ್ನು ಕಳೆಯುವುದೂ ಉಂಟು, ಅದನ್ನೂ 'ಎಕ್ಸೆಸ್ ರಿಟರ್ನ್' ಎಂದೇ ಕರೆಯುತ್ತಾರೆ. ಆ ಪರೀಕ್ಷೆ ಕೇಳುವ ಪ್ರಶ್ನೆ ಬೇರೆ: ಷೇರಿನ ಅಪಾಯ ಹೊತ್ತದ್ದಕ್ಕೆ ಏನಾದರೂ ಸಿಕ್ಕಿತೇ ಎಂದು. ಅದರಲ್ಲಿ ಪಾಸಾದ ಫಂಡನ್ನು ನಿರ್ವಾಹಕರ ಜಾಣ್ಮೆಗೆ ಸಾಕ್ಷಿ ಎಂದು ಒಪ್ಪಿಕೊಳ್ಳಬೇಡಿ, ಮಾರುಕಟ್ಟೆ ಏರಿದ್ದರೆ ಸೂಚ್ಯಂಕವನ್ನೇ ನಕಲು ಮಾಡುವ ಇಂಡೆಕ್ಸ್ ಫಂಡೂ ಪಾಸಾಗುತ್ತದೆ.

ಲೆಕ್ಕ

ಸರಾಸರಿ: 6.2 − 1.4 + 4.8 + 3.1 − 0.7 = 12.0. ಐದರಿಂದ ಭಾಗಿಸಿದರೆ 2.4.

ಇನ್ನು ಪ್ರತಿ ವರ್ಷದ ಅಂಕಿ ಈ ಸರಾಸರಿಯಿಂದ ಎಷ್ಟು ದೂರ ಎಂದು ನೋಡಬೇಕು: 3.8, −3.8, 2.4, 0.7, −3.1. ಇವುಗಳ ವರ್ಗಗಳನ್ನು ಕೂಡಿದರೆ 44.74. ಇದನ್ನು ಐದರಿಂದಲ್ಲ, ನಾಲ್ಕರಿಂದ ಭಾಗಿಸಬೇಕು. ಸರಾಸರಿಯನ್ನೂ ಇದೇ ಐದು ಅಂಕಿಗಳಿಂದ ತೆಗೆದಿದ್ದೇವೆ, ಹಾಗಾಗಿ ನಾಲ್ಕು ದೂರಗಳು ಗೊತ್ತಾದರೆ ಐದನೆಯದು ತಾನಾಗಿ ನಿಗದಿಯಾಗುತ್ತದೆ. ಸ್ವತಂತ್ರವಾಗಿ ಉಳಿದದ್ದು ನಾಲ್ಕೇ. 'ಡಿಗ್ರೀಸ್ ಆಫ್ ಫ್ರೀಡಂ' ಎನ್ನುವುದು ಇದನ್ನೇ. 44.74 ÷ 4 = 11.185, ಅದರ ವರ್ಗಮೂಲ 3.34. ಇದು ಮಾನಕ ವಿಚಲನೆ, ಒಂದು ವರ್ಷದ ಹೆಚ್ಚುವರಿ ಆದಾಯ ಸಾಮಾನ್ಯವಾಗಿ ಎಷ್ಟು ಆಚೀಚೆ ಓಲಾಡುತ್ತದೆ ಎಂಬುದರ ಅಳತೆ.

ನಮಗೆ ಬೇಕಾದದ್ದು ಐದು ವರ್ಷದ ಸರಾಸರಿ ಎಷ್ಟು ಓಲಾಡೀತು ಎಂಬುದು. ಅದಕ್ಕೆ 3.34ನ್ನು 5ರ ವರ್ಗಮೂಲದಿಂದ, ಅಂದರೆ 2.236ರಿಂದ ಭಾಗಿಸಿ. 1.50 ಬರುತ್ತದೆ. ಇದೇ ಸ್ಟ್ಯಾಂಡರ್ಡ್ ಎರರ್. ಸರಾಸರಿ 2.4ನ್ನು ಇದರಿಂದ ಭಾಗಿಸಿದರೆ ಟಿ = 1.60.

ಎಕ್ಸೆಲ್‌ನಲ್ಲೋ ಗೂಗಲ್ ಶೀಟ್‌ನಲ್ಲೋ ಹೆಚ್ಚುವರಿ ಆದಾಯವನ್ನು D2ರಿಂದ D6ರವರೆಗೆ ತುಂಬಿ, F ಕಾಲಂನಲ್ಲಿ ಹೀಗೆ ಬರೆಯಿರಿ:

```
F1: =AVERAGE(D2:D6)
F2: =STDEV.S(D2:D6)
F3: =F2/SQRT(COUNT(D2:D6))
F4: =F1/F3
F5: =T.INV.2T(0.05,COUNT(D2:D6)-1)
F6: =T.DIST.2T(ABS(F4),COUNT(D2:D6)-1)
F7: =F1-F5*F3
F8: =F1+F5*F3
```

ಎರಡನೇ ಸಾಲಿನಲ್ಲಿ STDEV.S ಇರಲಿ. STDEV.P ಹಾಕಿದರೆ ಅದು ನಾಲ್ಕರ ಬದಲು ಐದರಿಂದ ಭಾಗಿಸುತ್ತದೆ, ಟಿ 1.79ಕ್ಕೆ ಉಬ್ಬುತ್ತದೆ. ನೂರಾರು ಅಂಕಿ ಇದ್ದಾಗ ಈ ವ್ಯತ್ಯಾಸ ಕಾಣುವುದೇ ಇಲ್ಲ, ಐದರಲ್ಲಿ ಚೆನ್ನಾಗಿ ಕಾಣುತ್ತದೆ. ನಿಮ್ಮ ಹಾಳೆಯಲ್ಲಿ ಇದೇ ಅಂಕಿಗಳಿಗೆ F4 1.60 ತೋರಿಸದಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಉತ್ತರ ಓದುವ ಬಗೆ

F5ರಲ್ಲಿ ಬರುವ 2.776 ದಾಟಬೇಕಾದ ಗೆರೆ. ನಿಜವಾದ ಹೆಚ್ಚುವರಿ ಸೊನ್ನೆಯೇ ಆಗಿದ್ದರೆ ಟಿ ಇದನ್ನು ದಾಟುವುದು ನೂರಕ್ಕೆ ಐದು ಬಾರಿ, ಮೇಲಕ್ಕೆ ಎರಡೂವರೆ, ಕೆಳಕ್ಕೆ ಎರಡೂವರೆ; ಸೂತ್ರದಲ್ಲಿರುವ 0.05 ಅದೇ. ಹಲವರ ಬಾಯಲ್ಲಿರುವ 'ಟಿ ಎರಡಕ್ಕಿಂತ ಜಾಸ್ತಿ ಇದ್ದರೆ ಸಾಕು' ಎಂಬ ಮಾತು ಅಂಕಿಗಳು ಬೇಕಾದಷ್ಟಿದ್ದಾಗ ಮಾತ್ರ ಸರಿ. ಮೂರೇ ವರ್ಷದ ಲೆಕ್ಕವಿದ್ದರೆ ಗೆರೆ 4.303, ನಾಲ್ಕಕ್ಕೆ 3.182, ಐದಕ್ಕೆ 2.776, ಹತ್ತಕ್ಕೆ 2.262. ಅಂಕಿ ಕಡಿಮೆಯಾದಷ್ಟೂ ಮಾನಕ ವಿಚಲನೆಯನ್ನೇ ನಂಬುವ ಹಾಗಿಲ್ಲ. ಅದು ಅದೃಷ್ಟವಶಾತ್ ಚಿಕ್ಕದಾಗಿ ಬಂದು ಟಿ ದೊಡ್ಡದಾಗಿ ಕಂಡಿರಬಹುದು, ಅದಕ್ಕೇ ಗೆರೆಯೂ ಮೇಲೇರುತ್ತದೆ.

ನಮ್ಮ ಫಂಡಿನ 1.60 ಗೆರೆಯ ಹತ್ತಿರಕ್ಕೂ ಬಂದಿಲ್ಲ. F6ರಲ್ಲಿ ಬರುವ ಪಿ ಮೌಲ್ಯ 0.18. ಇದನ್ನು 'ನಿರ್ವಾಹಕರಿಗೆ ಸಾಮರ್ಥ್ಯ ಇರುವ ಸಾಧ್ಯತೆ ಶೇ. 82' ಎಂದು ಓದುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಅದು ಹೇಳುವುದು ಇಷ್ಟೇ: ನಿಜವಾದ ಹೆಚ್ಚುವರಿ ಆದಾಯ ಸೊನ್ನೆಯೇ ಆಗಿದ್ದರೂ, ನೂರು ಬಾರಿ ಐದೈದು ವರ್ಷ ನೋಡಿದರೆ ಸುಮಾರು 18 ಬಾರಿ ಟಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ದೂರ ಹೋಗುತ್ತದೆ, ಮೇಲಕ್ಕೋ ಕೆಳಕ್ಕೋ.

ಪಿಗಿಂತ ಹೆಚ್ಚು ಉಪಯೋಗ F7, F8ರದ್ದು ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ಬರುವುದು −1.75 ಮತ್ತು 6.55. ನಿಜವಾದ ವಾರ್ಷಿಕ ಹೆಚ್ಚುವರಿ ಆದಾಯ ಈ ಎರಡರ ನಡುವೆ ಎಲ್ಲಿದ್ದರೂ ಈ ಐದು ಅಂಕಿಗಳಿಗೆ ಅದು ಒಗ್ಗುತ್ತದೆ. ವರ್ಷಕ್ಕೆ ಒಂದೂಮುಕ್ಕಾಲು ಪರ್ಸೆಂಟ್ ಕಳೆಯುವ ಫಂಡೂ ಆಗಿರಬಹುದು, ಆರೂವರೆ ಗಳಿಸುವ ಅಪರೂಪದ ಫಂಡೂ ಆಗಿರಬಹುದು. ಗೆರೆ ದಾಟಲಿಲ್ಲ ಎಂದಮಾತ್ರಕ್ಕೆ ಫಂಡ್ ಕೆಟ್ಟದ್ದೆಂದು ಸಾಬೀತಾಗಲಿಲ್ಲ. ಏಜೆಂಟರು ಹೇಳಿದ ಮಾತಿಗೆ ಸಾಕ್ಷಿ ಸಾಲದು, ಅಷ್ಟೇ.

ಈಗ ಡಿವಿಡೆಂಡಿನ ವಿಷಯಕ್ಕೆ ವಾಪಸ್ ಬನ್ನಿ. ಇದೇ ಫಂಡನ್ನು ಬೆಲೆ ಸೂಚ್ಯಂಕಕ್ಕೆ ಹೋಲಿಸಿ, ಪ್ರತಿ ವರ್ಷ 1.2 ಪುಕ್ಕಟೆ ಸೇರಿತು ಎಂದುಕೊಂಡರೆ ಸರಾಸರಿ 3.6 ಆಗುತ್ತದೆ. ಓಲಾಟ ಬದಲಾಗುವುದಿಲ್ಲ, ಹಾಗಾಗಿ ಟಿ 2.41ಕ್ಕೆ, ಪಿ 0.07ಕ್ಕೆ ಬರುತ್ತದೆ. ಅದರ ಮೇಲೆ 'ಎರಡು ದಾಟಿದರೆ ಸಾಕು' ಎಂಬ ನಿಯಮ ಹಾಕಿದರೆ ಫಂಡ್ ಪಾಸ್! ಎರಡು ಸಣ್ಣ ತಪ್ಪು ಸೇರಿ ತೀರ್ಪನ್ನೇ ತಿರುಗಿಸಿದವು.

ಅನುಕೂಲಕ್ಕೆ ತಕ್ಕಂತೆ, ಮೇಲ್ಬದಿಯನ್ನಷ್ಟೇ ನೋಡುವ ಏಕಮುಖ ಪರೀಕ್ಷೆಗೆ ಜಾರುವುದೂ ಇದೆ. ಐದು ವರ್ಷಕ್ಕೆ ಅದರ ಗೆರೆ 2.132ಕ್ಕೆ ಇಳಿಯುತ್ತದೆ. ಸರಾಸರಿ ಸೊನ್ನೆಗಿಂತ ಮೇಲಿದೆ ಎಂದು ನೋಡಿದ ಮೇಲೆ 'ಮೇಲಿದೆಯೇ' ಎಂದಷ್ಟೇ ಕೇಳುವುದು ಮೋಸದಾಟ.

ತಿಂಗಳ ಲೆಕ್ಕ ಹಿಡಿದರೆ 60 ಅಂಕಿ ಸಿಗುವುದಿಲ್ಲವೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಸ್ವಲ್ಪ ನಿರಾಸೆಯದ್ದು. ವರ್ಷಕ್ಕೆ 2.4 ಅಂದರೆ ತಿಂಗಳಿಗೆ 0.2. ತಿಂಗಳುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಓಲಾಡುತ್ತಿದ್ದರೆ ತಿಂಗಳ ಓಲಾಟ 3.34ನ್ನು 12ರ ವರ್ಗಮೂಲದಿಂದ ಭಾಗಿಸಿದಷ್ಟು, ಸುಮಾರು 0.965. ಇದನ್ನು 60ರ ವರ್ಗಮೂಲ 7.746ರಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್ 0.125. ಟಿ = 0.2 ÷ 0.125, ಮತ್ತೆ 1.60ರ ಹತ್ತಿರವೇ. ಸರಾಸರಿ ಹನ್ನೆರಡು ಪಾಲಾಯಿತು, ಸ್ಟ್ಯಾಂಡರ್ಡ್ ಎರರ್ ಕೂಡ ಹನ್ನೆರಡು ಪಾಲಾಯಿತು, ಒಂದು ಇನ್ನೊಂದನ್ನು ಹೊಡೆದುಹಾಕಿತು. ಸರಾಸರಿಯ ಬಗ್ಗೆ ಮಾಹಿತಿ ಬರುವುದು ಎಷ್ಟು ವರ್ಷ ಕಳೆಯಿತು ಎಂಬುದರಿಂದ. ಕಾಲವನ್ನು ಎಷ್ಟು ತುಂಡು ಮಾಡಿದರೂ ಅದು ಹೆಚ್ಚುವುದಿಲ್ಲ.

ಲಾಭ ಇಲ್ಲವೇ ಇಲ್ಲ ಎಂದಲ್ಲ. 60 ಅಂಕಿಗಳಿಂದ ಓಲಾಟದ ಅಂದಾಜು ಚೆನ್ನಾಗಿ ಸಿಗುತ್ತದೆ, ಅದಕ್ಕೆ ಗೆರೆ 2.776ರಿಂದ 2.00ಕ್ಕೆ ಇಳಿಯುತ್ತದೆ. ನಮ್ಮ ಫಂಡಿನ ಪಿ 0.18ರಿಂದ 0.11ರ ಸುತ್ತ ಬರುತ್ತದೆ. ತೀರ್ಪು ಬದಲಾಗಲಿಲ್ಲ. ಆದರೂ ತಿಂಗಳ ಅಂಕಿ ಸಿಗುವುದಾದರೆ ಅದನ್ನೇ ಬಳಸಿ, ಒಂದು ಎಚ್ಚರದೊಂದಿಗೆ: ವಹಿವಾಟು ತೆಳುವಾದ ಸಣ್ಣ ಕಂಪನಿಗಳ ಷೇರು ತುಂಬಿರುವ ಫಂಡಿನಲ್ಲಿ ಈ ತಿಂಗಳ ಸುದ್ದಿ ಮುಂದಿನ ತಿಂಗಳ ಬೆಲೆಗೂ ಹರಿಯಬಹುದು. ಆಗ ತಿಂಗಳ ಓಲಾಟ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ, ಟಿ ಸುಳ್ಳಾಗಿ ಏರುತ್ತದೆ. ವಾರ್ಷಿಕ ಲೆಕ್ಕದ ಟಿಗಿಂತ ತಿಂಗಳ ಲೆಕ್ಕದ ಟಿ ತುಂಬಾ ಮೇಲಿದ್ದರೆ ಇದನ್ನು ಶಂಕಿಸಿ.

ನಿಜವಾದ ಅನಾಹುತ ಆಗುವುದು 'ರೋಲಿಂಗ್ ರಿಟರ್ನ್' ಹಾಕಿದಾಗ. 60 ತಿಂಗಳಲ್ಲಿ ಒಂದೊಂದೇ ತಿಂಗಳು ಸರಿಸುತ್ತಾ ಹೋದರೆ 12 ತಿಂಗಳ 49 ಕಿಟಕಿಗಳು ಸಿಗುತ್ತವೆ. ಅಕ್ಕಪಕ್ಕದ ಎರಡು ಕಿಟಕಿಗಳಲ್ಲಿ 11 ತಿಂಗಳು ಒಂದೇ. ಆದರೆ ಸೂತ್ರಕ್ಕೆ ಅದು ಗೊತ್ತಿಲ್ಲ, 49 ಬೇರೆ ಬೇರೆ ಸಾಕ್ಷಿಗಳು ಬಂದಿವೆ ಎಂದೇ ತಿಳಿದು 5ರ ವರ್ಗಮೂಲದ ಜಾಗದಲ್ಲಿ 49ರ ವರ್ಗಮೂಲ 7 ಹಾಕುತ್ತದೆ. ಸರಾಸರಿ 2.4, ಓಲಾಟ 3.34 ಹಾಗೇ ಇದ್ದರೂ ಟಿ 5ಕ್ಕೆ ಹಾರುತ್ತದೆ. ದಿನದ ಲೆಕ್ಕದಲ್ಲಿ ಸರಿಸಿದರಂತೂ ಕೇಳುವುದೇ ಬೇಡ. ಫಂಡ್ ಎಷ್ಟು ಸ್ಥಿರವಾಗಿತ್ತು ಎಂದು ಕಣ್ಣಲ್ಲಿ ನೋಡಲು ರೋಲಿಂಗ್ ಚಾರ್ಟ್ ಒಳ್ಳೆಯದೇ, ಈ ಪರೀಕ್ಷೆಗೆ ಮಾತ್ರ ಅದನ್ನು ತರಬೇಡಿ.

ಒಂದು ಬಂಪರ್ ವರ್ಷ ಬಂದರೆ

ಮೊದಲ ವರ್ಷದ ಹೆಚ್ಚುವರಿ 6.2ರ ಬದಲು 16.2 ಆಗಿತ್ತು ಎಂದುಕೊಳ್ಳಿ. ಸರಾಸರಿ 2.4ರಿಂದ 4.4ಕ್ಕೆ ಏರುತ್ತದೆ, ಏಜೆಂಟರ ಹಾಳೆ ಇನ್ನೂ ಚಂದ ಕಾಣುತ್ತದೆ. ಟಿ ಮಾತ್ರ 1.60ರಿಂದ 1.39ಕ್ಕೆ ಇಳಿಯುತ್ತದೆ. ಆ ಒಂದು ಅಂಕಿ ಸರಾಸರಿಯನ್ನು ಎತ್ತಿದ್ದಕ್ಕಿಂತ ಹೆಚ್ಚಾಗಿ ಓಲಾಟವನ್ನು ಹಿಗ್ಗಿಸಿತು, 3.34 ಇದ್ದದ್ದು 7.08 ಆಯಿತು. ನಾಲ್ಕು ವರ್ಷ ಸಾಧಾರಣವಾಗಿದ್ದು ಒಂದೇ ವರ್ಷದಲ್ಲಿ ಹೆಸರು ಮಾಡಿದ ಫಂಡಿಗೆ ಟಿ ಮಣೆ ಹಾಕದಿರುವುದು ಹೀಗೆ. ಸರಾಸರಿ ದೊಡ್ಡದಿದ್ದೂ ಟಿ ಚಿಕ್ಕದಾಗಿ ಕಂಡಾಗ ಒಂದೊಂದು ವರ್ಷವನ್ನು ಬಿಟ್ಟು ಉಳಿದ ನಾಲ್ಕರ ಸರಾಸರಿ ತೆಗೆದು ನೋಡಿ, ಯಾವ ವರ್ಷ ಇಡೀ ಕಥೆಯನ್ನು ಹೊತ್ತಿದೆ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಆರಿಸಿ ತಂದ ಫಂಡ್

ಏಜೆಂಟರು ಈ ಫಂಡಿನ ಹಾಳೆಯನ್ನೇ ಯಾಕೆ ತಂದರು? ಇಪ್ಪತ್ತು ಫಂಡುಗಳಲ್ಲಿ ಇದು ಚೆನ್ನಾಗಿ ಕಂಡಿತು ಎಂದು. ಯಾವುದರಲ್ಲೂ ಏನೂ ವಿಶೇಷ ಇಲ್ಲದ, ಒಂದಕ್ಕೊಂದು ಸಂಬಂಧವಿಲ್ಲದ 20 ಫಂಡುಗಳನ್ನು ಪರೀಕ್ಷಿಸಿದರೂ ಕನಿಷ್ಠ ಒಂದು ಮೇಲ್ಮುಖವಾಗಿ ಗೆರೆ ದಾಟುವ ಸಾಧ್ಯತೆ 1 − 0.975^20, ಅಂದರೆ ಸುಮಾರು ಶೇ. 40. ಆರಿಸಿ ತಂದದ್ದಕ್ಕೆ ಗೆರೆಯನ್ನೂ ಎತ್ತಬೇಕು. ಸರಳ ದಾರಿ, 0.05ನ್ನು 20ರಿಂದ ಭಾಗಿಸಿ F5ರಲ್ಲಿ 0.0025 ಹಾಕುವುದು. ಐದು ವರ್ಷದ ಲೆಕ್ಕಕ್ಕೆ ಆಗ ಗೆರೆ 2.776ರಿಂದ 6.8ಕ್ಕೆ ಹೋಗುತ್ತದೆ. ಇದು ಸ್ವಲ್ಪ ಕಠಿಣ ಎನ್ನಬಹುದು, ಆದರೂ ಎಷ್ಟು ಫಂಡುಗಳಿಂದ ಆರಿಸಿದಿರಿ ಎಂದು ಕೇಳದೆ ಟಿ ಓದುವುದಕ್ಕೆ ಅರ್ಥವಿಲ್ಲ. ನಡುವೆ ಮುಚ್ಚಿಹೋದ, ಬೇರೆ ಫಂಡಿನಲ್ಲಿ ವಿಲೀನವಾದ ಯೋಜನೆಗಳೂ ಆ ಎಣಿಕೆಯಲ್ಲಿ ಸೇರಬೇಕು. ಇವತ್ತಿನ ಪಟ್ಟಿಯಲ್ಲಿ ಅವು ಕಾಣುವುದಿಲ್ಲ.

ಹಾಗಾದರೆ ಎಷ್ಟು ವರ್ಷ ಕಾಯಬೇಕು?

ಸರಾಸರಿಯನ್ನು ಓಲಾಟದಿಂದ ಭಾಗಿಸಿ: 2.4 ÷ 3.34 = 0.72. ಇದನ್ನು ವರ್ಷಗಳ ವರ್ಗಮೂಲದಿಂದ ಗುಣಿಸಿದರೆ ಟಿ. ಇದೇ ಅನುಪಾತ ಉಳಿದರೆ ಒಂಬತ್ತು ವರ್ಷಕ್ಕೆ ಟಿ 2.15, ಗೆರೆ 2.306. ಹತ್ತು ವರ್ಷಕ್ಕೆ ಟಿ 2.27, ಗೆರೆ 2.262. ಕೂದಲೆಳೆಯಲ್ಲಿ ದಾಟಿತು. ಆದರೆ 0.72 ತುಂಬಾ ಉದಾರವಾದ ಅನುಪಾತ. ವರ್ಷಕ್ಕೆ ಸರಾಸರಿ 1 ಪರ್ಸೆಂಟ್ ಹೆಚ್ಚು ಕೊಟ್ಟು 5 ಪರ್ಸೆಂಟ್ ಓಲಾಡುವ ಫಂಡಾದರೆ ಅನುಪಾತ 0.2, ಟಿ 1.96 ಮುಟ್ಟಲು 96 ವರ್ಷ ಬೇಕು. ಅಷ್ಟರಲ್ಲಿ ನಿರ್ವಾಹಕರು ಎಷ್ಟು ಸಲ ಬದಲಾಗಿರುತ್ತಾರೋ! ನಿರ್ವಾಹಕರು ಬದಲಾದ ದಿನದಿಂದ ಹೊಸ ಲೆಕ್ಕವೇ ಶುರು, ಹಳೆಯ ವರ್ಷಗಳನ್ನು ಸೇರಿಸಿಕೊಂಡರೆ ಬಿಟ್ಟುಹೋದವರ ಕೆಲಸವನ್ನು ಪರೀಕ್ಷಿಸಿದಂತೆ.

'ಇನ್ನೊಂದು ವರ್ಷ ನೋಡಿ ತೀರ್ಮಾನಿಸೋಣ' ಎನ್ನುವವರು D7ರಲ್ಲಿ ಬೇರೆ ಬೇರೆ ಅಂಕಿ ತುಂಬಿ, ಸೂತ್ರಗಳಲ್ಲಿ D6 ಇರುವಲ್ಲೆಲ್ಲ D7 ಮಾಡಿ ನೋಡಲಿ. ಆರು ವರ್ಷಕ್ಕೆ ಗೆರೆ 2.571. ಆರನೇ ವರ್ಷ 2.4 ಬಂದರೆ ಟಿ 1.97. 5 ಬಂದರೆ 2.19. 6 ಬಂದರೆ 2.20, ಅದೇ ಶಿಖರ. 7 ಬಂದರೆ ಮತ್ತೆ ಇಳಿಯಲು ತೊಡಗುತ್ತದೆ, ಇನ್ನೂ ದೊಡ್ಡ ಅಂಕಿ ಹಾಕಿದಷ್ಟೂ ಟಿ 1ರ ಕಡೆಗೆ ಜಾರುತ್ತದೆ. ಅಂದರೆ ಆರನೇ ವರ್ಷ ಫಂಡ್ ಏನೇ ಮಾಡಿದರೂ ಈ ಪರೀಕ್ಷೆಯಲ್ಲಿ ಅದು ಪಾಸಾಗುವ ಹಾಗಿಲ್ಲ.